ಎರಡನೇ ಭೇಟಿಗೆ ಹಳೇಬೀಡಿನ ಬಸ್ಸು

ಮೇ ತಿಂಗಳ ಮೂರನೇ ವಾರ ಹಳೇ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ನಾನು ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಮನಶ್ಶಾಸ್ತ್ರ ಹೇಳಿಕೊಡುವವಳು. ಪಾಠವನ್ನೆಲ್ಲ ಮರೆತವರೂ ಇಂಥ ವಿಷಯ ಬಂದಾಗ ನನ್ನನ್ನು ನೆನೆಸಿಕೊಳ್ಳುತ್ತಾರೆ. ಇವಳು ಅರಸೀಕೆರೆ ಕಡೆಯವಳು, ಈಗ ಹಾಸನದಲ್ಲಿ ಸ್ಟಾಫ್ ನರ್ಸ್. ಮ್ಯಾಟ್ರಿಮೊನಿ ಆ್ಯಪ್‌ನಲ್ಲಿ ಪರಿಚಯವಾದ ಹುಡುಗನ ಜೊತೆ ಹಿಂದಿನ ವಾರ ಒಂದು ಹೋಟೆಲಿನಲ್ಲಿ ಊಟ ಮಾಡಿ ಬಂದಿದ್ದಳು. ಹುಡುಗ ಸಕಲೇಶಪುರದವನು. ಮನೆಯಲ್ಲಿ ಕಾಫಿ ತೋಟ, ಅವನಿಗೆ ಹಾಸನದಲ್ಲೇ ಬ್ಯಾಂಕ್ ಕೆಲಸ.

"ಹೇಗಿತ್ತು?" ಅಂದೆ.

"ಚೆನ್ನಾಗಿತ್ತು ಮೇಡಂ. ಅವರೂ ಚೆನ್ನಾಗಿ ಮಾತಾಡಿದ್ರು, ನಾನೂ ಚೆನ್ನಾಗಿ ಮಾತಾಡ್ದೆ. ಬಂದ್ಮೇಲೆ ಯೋಚನೆ ಮಾಡಿದ್ರೆ ಅವರ ಬಗ್ಗೆ ನಂಗೇನೂ ಗೊತ್ತಾಗೇ ಇಲ್ಲ. ಈಗ ಮತ್ತೆ ಊಟಕ್ಕೆ ಕರೀತಿದಾರೆ."

"ಹೋಗು. ಊಟಕ್ಕೆ ಬೇಡ, ಹಳೇಬೀಡಿಗೆ ಹೋಗು" ಅಂದೆ.

ಯಾಕೆ ಹಾಗಂದೆ, ಅಲ್ಲಿ ಏನು ಮಾಡಬೇಕು, ಏನು ಗಮನಿಸಬೇಕು ಅನ್ನೋದನ್ನು ಅವಳಿಗೆ ಫೋನಿನಲ್ಲಿ ಹೇಳಿದ್ದೇ ಮುಕ್ಕಾಲು ಗಂಟೆ. ಅದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿರುವುದು, ಗುರುತು ಹತ್ತದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಊಟದ ಮೇಜಿನ ತೊಂದರೆ ಇರುವುದು ಊಟದಲ್ಲಲ್ಲ, ಕೂರುವ ರೀತಿಯಲ್ಲಿ. ಇಬ್ಬರೂ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿರಬೇಕು. ಕಣ್ಣು ಪಕ್ಕಕ್ಕೆ ಹೋದರೆ ಅಪರಾಧ ಮಾಡಿದಂತೆ. ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವವೇ ಆದ್ದರಿಂದ ಉತ್ತರಗಳನ್ನು ಮನೆಯಲ್ಲೇ ಇಸ್ತ್ರಿ ಮಾಡಿಕೊಂಡು ಬಂದಿರುತ್ತಾರೆ. ಒಂದೂವರೆ ಗಂಟೆಯಲ್ಲಿ ಇಬ್ಬರೂ ಸೇರಿ ತೆಗೆದುಕೊಳ್ಳುವ ನಿರ್ಧಾರ ಎರಡೇ ಎರಡು: ಏನು ತಿನ್ನೋಣ, ಬಿಲ್ ಯಾರು ಕೊಡೋದು. ನಮ್ಮ ಹೆಣ್ಣು ನೋಡುವ ಶಾಸ್ತ್ರವೂ ಬೇರೆಯಲ್ಲ. ಉಪ್ಪಿಟ್ಟು, ಕೇಸರಿಬಾತ್ ಆದಮೇಲೆ ಇಬ್ಬರನ್ನೂ ಮಹಡಿ ಮೇಲೆ ಕಳಿಸಿ, "ಏನಾದ್ರೂ ಇದ್ರೆ ಮಾತಾಡ್ಕೊಳ್ಳಿ" ಅಂತಾರೆ. ಹತ್ತು ನಿಮಿಷದಲ್ಲಿ ಯಾರೂ ಏನೂ ಮಾತಾಡಿಕೊಳ್ಳಲಾರರು.

ಮೊದಲ ಭೇಟಿಗೆ ಊಟ ಸಾಕು. ಫೋಟೋದಲ್ಲಿದ್ದವರೇ ಬಂದರೇ, ಮಾತು ತಾನಾಗಿ ಬರುತ್ತದೆಯೇ, ಎದುರಿಗೆ ಕೂತರೆ ಮೈ ಮುದುಡುತ್ತದೆಯೇ ಅನ್ನುವಷ್ಟು ತಿಳಿಯುತ್ತದೆ. ಎರಡನೆಯದಕ್ಕೆ ಬೇರೆ ಕೆಲಸವಿದೆ.

ಹಾಗಾದರೆ ಎರಡನೇ ಸಲ ಆಳವಾಗಿ ಮಾತಾಡಿದರೆ ಆಯಿತಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ವಾಟ್ಸಾಪ್‌ನಲ್ಲಿ "ಪ್ರೀತಿ ಹುಟ್ಟಿಸುವ 36 ಪ್ರಶ್ನೆಗಳು" ಅನ್ನೋ ಪಟ್ಟಿ ಓಡಾಡುತ್ತಿರುತ್ತದೆ. ನನ್ನ ಕ್ಲಾಸಿನ ಹುಡುಗಿಯರ ಹತ್ತಿರವೂ ಇದೆ. ಆ ಪಟ್ಟಿಯ ಮೂಲ 1997ರ ಒಂದು ಸಂಶೋಧನೆ. ಆರ್ಥರ್ ಆರನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಜೊತೆಗೆ ಅವರ ಸಂಗಡಿಗರು, ಪರಸ್ಪರ ಗುರುತಿಲ್ಲದವರನ್ನು ಜೋಡಿಜೋಡಿಯಾಗಿ ಕೂರಿಸಿ ಮೂರು ಕಂತಿನಲ್ಲಿ ಪ್ರಶ್ನೆಗಳನ್ನು ಕೊಟ್ಟರು. ಮೊದಲ ಕಂತು ಹಗುರ, ಕೊನೆಯದು ಎದೆಯೊಳಗಿನದು. ಒಟ್ಟು 45 ನಿಮಿಷ. ಬರೀ ಉಭಯಕುಶಲೋಪರಿ ಮಾತಾಡಿದ ಜೋಡಿಗಳಿಗಿಂತ ಈ ಜೋಡಿಗಳು ಹೆಚ್ಚು ಹತ್ತಿರವಾದೆವು ಅಂದರು. ಇಷ್ಟು ಎಲ್ಲರಿಗೂ ಗೊತ್ತು.

ಅದೇ ಸಂಶೋಧನೆಯ ಇನ್ನೊಂದು ಫಲಿತಾಂಶವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಕೆಲವು ಜೋಡಿಗಳನ್ನು ಮಾಡುವಾಗ ಮುಖ್ಯ ವಿಷಯಗಳಲ್ಲಿ ಇಬ್ಬರ ಅಭಿಪ್ರಾಯಕ್ಕೂ ತಿಕ್ಕಾಟವಿಲ್ಲದಂತೆ ನೋಡಿಕೊಂಡಿದ್ದರು, ಕೆಲವರಲ್ಲಿ ತಿಕ್ಕಾಟ ಇರುವಂತೆಯೇ ಬಿಟ್ಟಿದ್ದರು. ಹತ್ತಿರವಾದೆವು ಅನ್ನುವ ಭಾವನೆಯಲ್ಲಿ ಇವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ ಮನಸ್ಸು ಬಿಚ್ಚಿ ಮಾತಾಡಿದರೆ ಹತ್ತಿರ ಅನ್ನಿಸುತ್ತದೆ; ಹೊಂದಿಕೆಯಾಗುವವರ ಜೊತೆಗೂ ಅನ್ನಿಸುತ್ತದೆ, ಆಗದವರ ಜೊತೆಗೂ ಅನ್ನಿಸುತ್ತದೆ. ರಾತ್ರಿ ರೈಲಿನಲ್ಲಿ ಪಕ್ಕದ ಬರ್ತಿನವರ ಹತ್ತಿರ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡು ಬೆಳಿಗ್ಗೆ ಕಣ್ಣೊರೆಸಿಕೊಂಡು ಇಳಿಯುವುದಿಲ್ಲವೇ, ಹಾಗೆ. ಆತ್ಮೀಯತೆ ಮತ್ತು ಹೊಂದಾಣಿಕೆ ಎರಡೂ ಬೇರೆ ಬೇರೆ. ಎರಡನೇ ಭೇಟಿ ಕೆಡುವುದು ಹೆಚ್ಚಾಗಿ ಒಂದನ್ನು ಇನ್ನೊಂದು ಅಂದುಕೊಳ್ಳುವುದರಿಂದ.

ನಮ್ಮ ಕಡೆ ಇನ್ನೊಂದು ಮೋಸವಿದೆ, ಅದು ಬೆಟ್ಟ. ಚಿಕ್ಕಮಗಳೂರು ಹತ್ತಿರವೇ ಇದೆಯಲ್ಲ, ಎರಡನೇ ಸಲಕ್ಕೆ ಮುಳ್ಳಯ್ಯನಗಿರಿ ಅಂತ ಹುಡುಗರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. 1930 ಮೀಟರ್ ಎತ್ತರ, ಗಾಳಿ, ಮಂಜು, ಕಾಲಿನ ಪಕ್ಕದಲ್ಲೇ ಪ್ರಪಾತ. ಎದೆ ಡವಡವ ಅನ್ನುತ್ತದೆ. ಆ ಡವಡವ ಯಾರದು? 1974ರಲ್ಲಿ ಕೆನಡಾದ ಕ್ಯಾಪಿಲಾನೋ ತೂಗುಸೇತುವೆಯ ಮೇಲೆ ಡೊನಾಲ್ಡ್ ಡಟನ್ ಅನ್ನುವವರು ಒಂದು ಪ್ರಯೋಗ ಮಾಡಿದರು. ಜೊತೆಗಿದ್ದವರು ಇದೇ ಆರನ್. ಅಲ್ಲಾಡುವ ಆ ಎತ್ತರದ ಸೇತುವೆಯ ಮೇಲೆ ಬಂದ ಗಂಡಸರನ್ನು ಒಬ್ಬ ಹುಡುಗಿ ಏನೋ ಸಮೀಕ್ಷೆ ಅಂತ ಮಾತಾಡಿಸಿ ತನ್ನ ಫೋನ್ ನಂಬರ್ ಕೊಡುತ್ತಿದ್ದಳು. ಹತ್ತಿರದ ಇನ್ನೊಂದು ಗಟ್ಟಿ ಸೇತುವೆಯಲ್ಲೂ ಹಾಗೇ ಮಾಡಿದರು. ತೂಗುಸೇತುವೆಯಲ್ಲಿ ನಂಬರ್ ಪಡೆದ 18 ಜನರಲ್ಲಿ 9 ಜನ ಆಮೇಲೆ ಫೋನ್ ಮಾಡಿದರು, ಗಟ್ಟಿ ಸೇತುವೆಯ 16 ಜನರಲ್ಲಿ ಇಬ್ಬರು. ಸೇತುವೆಯ ಭಯಕ್ಕೆ ಬಡಿದುಕೊಂಡ ಎದೆಯನ್ನು ಹುಡುಗಿಯ ಲೆಕ್ಕಕ್ಕೆ ಬರೆದುಕೊಂಡರು ಅನ್ನುವುದು ಸಂಶೋಧಕರ ವಿವರಣೆ. ಜನ ಕಡಿಮೆ, ಬೇರೆ ವಿವರಣೆಯೂ ಸಾಧ್ಯ ಅಂತ ತಕರಾರು ಬಂದಿವೆ, ಅವುಗಳಲ್ಲಿ ಹುರುಳೂ ಇದೆ. ಆದರೂ ಬೆಟ್ಟ ಹತ್ತಿ ಇಳಿದ ಸಂಜೆ "ನಮ್ಮಿಬ್ಬರ ನಡುವೆ ಏನೋ ಇದೆ" ಅನ್ನಿಸಿದರೆ ಒಂದು ವಾರ ತಡೆಯಿರಿ ಅಂತಲೇ ನಾನು ಹೇಳುವುದು. ಜಿಪ್‌ಲೈನ್, ಜೀಪಿನಲ್ಲಿ ಜಲಪಾತ, ಎಲ್ಲಕ್ಕೂ ಇದೇ ಮಾತು. ಮದುವೆಯಾದ ಮೇಲೆ ಹೋಗಲಿ, ಯಾರು ಬೇಡ ಅಂದರು.

ಬೇಕಾಗಿರುವುದು ಇಬ್ಬರೂ ಒಂದೇ ಕಡೆ ಮುಖ ಮಾಡಿ ಏನಾದರೂ ಮಾಡುವಂಥ ಜಾಗ, ಸಣ್ಣ ಸಣ್ಣ ನಿರ್ಧಾರಗಳು ತಾವಾಗಿ ಎದುರಾಗುವಂಥದ್ದು, ಇಬ್ಬರಿಗೂ ಪೂರ್ತಿ ಗೊತ್ತಿಲ್ಲದಂಥದ್ದು, ಸ್ವಲ್ಪ ಕಾಯಬೇಕಾದಂಥದ್ದು. ಅಂಥ ಕಡೆ ಉತ್ತರವನ್ನು ಮೊದಲೇ ತಯಾರು ಮಾಡಿಕೊಂಡು ಬರಲಾಗುವುದಿಲ್ಲ. ನಾನು ಹಳೇಬೀಡು ಅಂದಿದ್ದು ಈ ಕಾರಣಕ್ಕೆ. ಹೊಯ್ಸಳೇಶ್ವರ, ಶಾಂತಳೇಶ್ವರ ಅಂತ ರಾಜನ ಹೆಸರಲ್ಲೊಂದು ರಾಣಿಯ ಹೆಸರಲ್ಲೊಂದು ಗರ್ಭಗುಡಿ ಅಕ್ಕಪಕ್ಕ ಇರುವ ದೇವಸ್ಥಾನ ಅದು ಅನ್ನೋದು ನನಗೆ ಆಮೇಲೆ ಹೊಳೆಯಿತು. ಬೇಲೂರು ಬೇಡ ಅಂದೆ, ಅಲ್ಲಿ ಪೂಜೆಯ ಸಾಲು, ಗದ್ದಲ. ಹಾಸನದ ಮಹಾರಾಜ ಪಾರ್ಕಂತೂ ಬೇಡವೇ ಬೇಡ. ಹತ್ತು ಗಂಟೆಗೆ ಅಲ್ಲಿ ಕೂತರೆ ಹನ್ನೊಂದಕ್ಕೆ ಸೋದರತ್ತೆಯ ಫೋನ್ ಬರುತ್ತದೆ. ಹಳೇಬೀಡಿನಲ್ಲಿ ಇಬ್ಬರು ಗೋಡೆ ನೋಡುತ್ತ ನಿಂತರೆ ಟೂರಿಸ್ಟ್ ಅಂತ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ.

ಹೋಗುವುದು ಬಸ್ಸಿನಲ್ಲಿ ಅಂದೆ. ಅವನಿಗೆ ಕಾರಿತ್ತು. ಕಾರಿನಲ್ಲಿ ಒಬ್ಬರು ಮನೆಯವರು, ಇನ್ನೊಬ್ಬರು ನೆಂಟರು. ಎಲ್ಲಿ ನಿಲ್ಲಿಸಬೇಕು, ಯಾವಾಗ ಹೊರಡಬೇಕು ಎಲ್ಲ ಸ್ಟೀರಿಂಗ್ ಹಿಡಿದವರ ಕೈಲಿ. ಬೈಕಿನಲ್ಲಿ ಮಾತೇ ಕೇಳಿಸದು. ಬಸ್ಸಿನಲ್ಲಿ ಇಬ್ಬರೂ ಸಮ. ಒಂದು ವೇಳೆ ಮಧ್ಯದಲ್ಲಿ ಸಾಕು ಅನ್ನಿಸಿದರೆ ಯಾರ ಹಂಗೂ ಇಲ್ಲದೆ ಮುಂದಿನ ಬಸ್ ಹತ್ತಿ ಬರಬಹುದು. ಎರಡನೇ ಭೇಟಿಯಲ್ಲಿ, ಅದರಲ್ಲೂ ಹುಡುಗಿಯರಿಗೆ, ಇದು ಸಣ್ಣ ವಿಷಯವಲ್ಲ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಅನ್ನೋದನ್ನು ರೂಮ್‌ಮೇಟ್‌ಗೆ ಹೇಳಿ ಹೋಗು ಅಂತಲೂ ಹೇಳಿದ್ದೆ.

ಉಳಿದ ಏರ್ಪಾಡು ಹೀಗಿತ್ತು. ನಾಲ್ಕನೇ ಶನಿವಾರ, ಅವನಿಗೆ ಬ್ಯಾಂಕ್ ರಜ, ಇವಳು ಡ್ಯೂಟಿ ಬದಲಾಯಿಸಿಕೊಂಡಿದ್ದಳು. ಬೆಳಿಗ್ಗೆ ಎಂಟೂವರೆಗೆ ಹಾಸನ ಬಸ್‌ಸ್ಟ್ಯಾಂಡು, ಮಧ್ಯಾಹ್ನ ಎರಡೂವರೆಗೆ ವಾಪಸ್ ಹಾಸನದಲ್ಲಿ. ಮುಗಿಯುವ ಹೊತ್ತನ್ನು ಮೊದಲೇ ಹೇಳಿಕೊಂಡರೆ ಇಬ್ಬರಿಗೂ ಹಗುರ. ಐದಾರು ಗಂಟೆ ಸಾಕು. ಅದಕ್ಕಿಂತ ಹೆಚ್ಚಾದರೆ ದಣಿವು ಮಾತಾಡಲು ಶುರುಮಾಡುತ್ತದೆ. ಕಲ್ಲು ಕಾಯುವ ಮೊದಲೇ ಗುಡಿ ನೋಡಿ ಮುಗಿಸಬೇಕು, ಚಪ್ಪಲಿ ಬಿಟ್ಟು ನಡೆಯಬೇಕಲ್ಲ. ಜಾಗ ನಾನು ಹೇಳಿದ್ದಾದ್ದರಿಂದ ಉಳಿದದ್ದನ್ನು ಇಬ್ಬರೂ ಹಂಚಿಕೊಳ್ಳಲಿ ಅಂದೆ. ಗುಡಿಯಲ್ಲಿ ಏನು ನೋಡೋದು ಅಂತ ಅವನು, ಊಟ ಎಲ್ಲಿ ಅಂತ ಇವಳು.

ಇನ್ನು ಗೋಡೆ. ಗೈಡ್ ಮಾಡಿಕೊಳ್ಳಬೇಡಿ ಅಂತ ನಾನು ಒತ್ತಿ ಹೇಳಿದ್ದೆ. ಗೈಡ್‌ಗಳ ಮೇಲೆ ನನಗೇನೂ ಸಿಟ್ಟಿಲ್ಲ. ಗೈಡ್ ಇದ್ದರೆ ಇಬ್ಬರೂ ಮೂರನೆಯವರ ಮಾತು ಕೇಳುವ ಮಕ್ಕಳಾಗಿಬಿಡುತ್ತಾರೆ, ಅಷ್ಟೆ. ಅದರ ಬದಲು ಒಂದು ಕೆಲಸ ಕೊಟ್ಟೆ: ಹೊರಗೋಡೆಯಲ್ಲಿ ಬೆಟ್ಟ ಎತ್ತುತ್ತಿರುವವರು ಇಬ್ಬರಿದ್ದಾರೆ, ಕೈಲಾಸ ಎತ್ತುವ ರಾವಣ, ಗೋವರ್ಧನ ಎತ್ತಿದ ಕೃಷ್ಣ. ಎರಡನ್ನೂ ಹುಡುಕಿ. ಫೋನ್ ನೋಡುವ ಹಾಗಿಲ್ಲ.

ಆ ಗೋಡೆ ನೋಡಿದವರಿಗೆ ಗೊತ್ತು, ಅದು ಸುಲಭದ ಕೆಲಸವಲ್ಲ. ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಆಮೇಲೆ ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ, ಎಲ್ಲಕ್ಕೂ ಮೇಲೆ ದೊಡ್ಡ ಮೂರ್ತಿಗಳು. ಗೋಡೆ ಒಳಕ್ಕೂ ಹೊರಕ್ಕೂ ಮಡಚಿಕೊಂಡು ಹೋಗುತ್ತದೆ, ಎಲ್ಲಿ ನೋಡಿದೆವು ಎಲ್ಲಿ ಬಿಟ್ಟೆವು ಅನ್ನೋದೇ ತಪ್ಪಿಹೋಗುತ್ತದೆ. ಒಬ್ಬರು ಸರಸರ ನಡೆದು ಮುಂದೆ ಹೋಗುತ್ತಾರೆ, ಒಬ್ಬರು ಒಂದೇ ಆನೆಯ ಸೊಂಡಿಲ ಮುಂದೆ ನಿಂತುಬಿಡುತ್ತಾರೆ. ಮುಂದೆ ಹೋದವರು ತಿರುಗಿ ಬರುತ್ತಾರಾ, ಅಲ್ಲಿಂದಲೇ "ಬನ್ನಿ ಬನ್ನಿ" ಅಂತಾರಾ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಾರಾ, ಕಥೆ ಕಟ್ಟುತ್ತಾರಾ? ಇನ್ನೊಬ್ಬರು ಮೊದಲು ಕಂಡುಹಿಡಿದರೆ ಖುಷಿಪಡುತ್ತಾರಾ, ಸಪ್ಪಗಾಗುತ್ತಾರಾ?

ಇವುಗಳಲ್ಲಿ ಅತಿ ಸಣ್ಣದಾಗಿ ಕಾಣುವ ಒಂದೇ ಮುಖ್ಯ. ಇಬ್ಬರು ಜೊತೆಯಲ್ಲಿ ನಡೆಯುವಾಗ ಗಂಟೆಗೆ ಹತ್ತಾರು ಸಲ ಒಬ್ಬರು ಇನ್ನೊಬ್ಬರನ್ನು ಕರೆಯುತ್ತಿರುತ್ತಾರೆ, ಹೆಸರು ಹಿಡಿದಲ್ಲ. "ಅಲ್ನೋಡಿ, ಆ ಕುದುರೆ ನಗ್ತಿದೆ" ಅನ್ನೋದು ಒಂದು ಕರೆ. ಸುಮ್ಮನೆ ನಿಟ್ಟುಸಿರು ಬಿಡುವುದೂ ಒಂದು ಕರೆ. ಅದಕ್ಕೆ ಮೂರು ಉತ್ತರ ಸಾಧ್ಯ: ಆ ಕಡೆ ತಿರುಗಿ "ಹೌದಲ್ಲ!" ಅನ್ನಬಹುದು, ಕೇಳಿಸದವರಂತೆ ಇರಬಹುದು, "ಕುದುರೆ ನಗತ್ತಾ? ನಿಮಗೇನೋ" ಅಂತ ಮುರಿಯಬಹುದು. ಅಮೆರಿಕದ ಜಾನ್ ಗಾಟ್‌ಮನ್ ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು. ಹೊಸದಾಗಿ ಮದುವೆಯಾದವರನ್ನು ನೋಡಿ, ಆರು ವರ್ಷದ ನಂತರ ಮತ್ತೆ ವಿಚಾರಿಸಿದಾಗ, ಒಟ್ಟಿಗೆ ಉಳಿದಿದ್ದವರು ಇಂಥ ಕರೆಗಳಲ್ಲಿ ನೂರಕ್ಕೆ 86ಕ್ಕೆ ಓಗೊಟ್ಟಿದ್ದರು, ಬೇರೆಯಾದವರು 33ಕ್ಕೆ ಅನ್ನುತ್ತಾರೆ ಅವರು. ಅದು ಮದುವೆಯಾದವರ ಲೆಕ್ಕ. ಎರಡನೇ ಭೇಟಿಗೆ ಹೋದವರು ಮನಸ್ಸಿನಲ್ಲೇ ಎಣಿಸುತ್ತ ಕೂತರೆ ತಮ್ಮ ಓಗೊಡುವಿಕೆಯೇ ನಿಂತುಹೋಗುತ್ತದೆ. ಎಣಿಸುವುದು ಬೇಡ, ಮನೆಗೆ ಬಂದಮೇಲೆ ನೆನಪು ಮಾಡಿಕೊಂಡರೆ ಸಾಕು.

ಅವರಿಬ್ಬರಿಗೆ ಆದದ್ದು ಹೀಗೆ. ಬಸ್ಸಿನಲ್ಲಿ ಮೊದಲ ತಮಾಷೆ: ಇವಳು ಆಧಾರ್ ತೋರಿಸಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ತೆಗೆದುಕೊಂಡಳು. ಇಬ್ಬರಿಗೂ ತಾನೇ ಕೊಡುತ್ತೇನೆಂದು ನೋಟು ಹಿಡಿದು ಕಾಯುತ್ತಿದ್ದ ಅವನಿಗೆ ಒಂದೇ ಟಿಕೆಟ್ಟಿನ ದುಡ್ಡು ಕೊಡುವ ಭಾಗ್ಯ. ಗುಡಿಯಲ್ಲಿ ಅವನು ಆನೆಗಳ ಹತ್ತಿರವೇ ಹತ್ತು ನಿಮಿಷ ನಿಂತ. ಇವಳ ನಡಿಗೆ ವಾರ್ಡಿನ ನಡಿಗೆ, ಒಂದು ಸುತ್ತು ಮುಗಿಸಿಯೇಬಿಟ್ಟಿದ್ದಳು. ರಾವಣನನ್ನು ಇವಳೇ ಕಂಡುಹಿಡಿದಳು. ಹತ್ತಾರು ತಲೆ, ಮೇಲೆ ಅಂತಸ್ತು ಅಂತಸ್ತಾಗಿ ಬೆಟ್ಟ, ಬೆಟ್ಟದ ತುಂಬ ಜೀವಗಳು, ತುದಿಯಲ್ಲಿ ಶಿವಪಾರ್ವತಿ. ಕರೆದಾಗ ಅವನು ಆನೆ ಬಿಟ್ಟು ಬಂದು ಬಹಳ ಹೊತ್ತು ನೋಡಿ, "ಇವನು ಮೊಣಕಾಲು ಊರಿದಾನೆ ನೋಡಿ. ತೋಟದಲ್ಲಿ ಮೂಟೆ ಎತ್ತೋರು ಹೀಗೇ" ಅಂದನಂತೆ. ಅದು ಅವಳಿಗೆ ಕಂಡಿರಲಿಲ್ಲ. ಕೃಷ್ಣ ಸಿಕ್ಕಿದ್ದು ಅವನಿಗೆ. ಒಂದು ಕೈ ಮೇಲೆತ್ತಿ ಆರಾಮಾಗಿ ನಿಂತಿದ್ದಾನೆ, ಕೆಳಗೆ ದನಗಳು, ಗೋಪಾಲಕರು. ಇಬ್ಬರ ವೇಗ ಬೇರೆ ಅಂತ ಇಬ್ಬರಿಗೂ ಗೊತ್ತಾಯಿತು. ವೇಗ ಬೇರೆಯಿದ್ದರೆ ಹೊಂದುವುದಿಲ್ಲ ಅಂತಲ್ಲ. ಒಬ್ಬರ ವೇಗವನ್ನು ಇನ್ನೊಬ್ಬರು ತಪ್ಪು ಅಂದುಕೊಂಡರೆ ಅಲ್ಲಿ ನಿಲ್ಲುತ್ತದೆ.

ದೇವಸ್ಥಾನದಿಂದ ಬಸದಿಹಳ್ಳಿಯ ಜೈನ ಬಸದಿಗಳಿಗೆ ನಡೆದೇ ಹೋಗಬಹುದು. ಹೆಚ್ಚಿನವರು ಅಲ್ಲಿಗೆ ಹೋಗುವುದಿಲ್ಲ, ಹಾಗಾಗಿ ನಿಶ್ಶಬ್ದ. ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯ ಹಾಗೆ ನುಣುಪು, ಹತ್ತಿರ ನಿಂತರೆ ನಿಮ್ಮ ಮುಖ ಕಾಣುತ್ತದೆ. ದೊಡ್ಡ ಪ್ರಶ್ನೆಗಳನ್ನು ಈ ದಾರಿಗೆ ಇಟ್ಟುಕೋ ಅಂದಿದ್ದೆ. ಪಕ್ಕಪಕ್ಕ ನಡೆಯುವಾಗ ಕಣ್ಣು ದಾರಿಯ ಮೇಲಿರುತ್ತದೆ, ನಾಲಿಗೆ ಸಡಿಲವಾಗುತ್ತದೆ. ಮಕ್ಕಳನ್ನು ಶಾಲೆಯಿಂದ ಕರೆತರುವ ತಾಯಂದಿರಿಗೆ ಇದು ಗೊತ್ತು.

ಎಷ್ಟು ಪ್ರಶ್ನೆ? ಎರಡು, ಮೂರು. ಅದೂ "ನಿಮಗೆ ಜಾಯಿಂಟ್ ಫ್ಯಾಮಿಲಿ ಇಷ್ಟಾನಾ" ಅನ್ನುವಂಥದ್ದಲ್ಲ, ಅದಕ್ಕೆ ಪರೀಕ್ಷೆಯ ಉತ್ತರ ಬರುತ್ತದೆ. ನಡೆದದ್ದನ್ನು ಕೇಳಬೇಕು. "ಮನೇಲಿ ಕೊನೇ ಸಲ ದೊಡ್ಡ ಜಗಳ ಆಗಿದ್ದು ಯಾವುದಕ್ಕೆ, ಹೇಗೆ ಮುಗೀತು?" "ಮೊದಲ ಸಂಬಳದಲ್ಲಿ ಏನು ಮಾಡಿದ್ರಿ? ಈಗ ಸಂಬಳ ಬಂದ ದಿನ ಮೊದಲು ಎಲ್ಲಿಗೆ ಹೋಗತ್ತೆ?" "ಒಂದು ಮಾಮೂಲಿ ಮಂಗಳವಾರ, ಇನ್ನು ಐದು ವರ್ಷದ ಮೇಲೆ, ಬೆಳಿಗ್ಗೆ ಎದ್ದಾಗ ಎಲ್ಲಿರ್ತೀರಿ?" ಕೇಳಿದ ಮೇಲೆ ತಮ್ಮ ಕಥೆ ಶುರುಮಾಡದೆ, ಅವರು ಹೇಳಿದ್ದರೊಳಗಿಂದಲೇ ಇನ್ನೊಂದು ಪ್ರಶ್ನೆ ಕೇಳಬೇಕು. ಆ ಎರಡನೇ ಪ್ರಶ್ನೆಯ ಹತ್ತಿರ ತಯಾರಿಟ್ಟ ಉತ್ತರ ಮುಗಿದಿರುತ್ತದೆ. ಕೇಳಿದವರು ತಮ್ಮ ಉತ್ತರವನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಪೊಲೀಸ್ ಸ್ಟೇಷನ್ ಆಗುತ್ತದೆ.

ಮಂಗಳವಾರದ ಪ್ರಶ್ನೆ ಇವಳು ಕೇಳಿದಳು. ಅವನು ತಡೆಯದೆ, "ತೋಟದಲ್ಲಿ" ಅಂದ. ಅಪ್ಪನಿಗೆ ಮಂಡಿ ನೋವು, ಆಳು ಸಿಗುವುದಿಲ್ಲ, ಬ್ಯಾಂಕ್ ಕೆಲಸ ಇನ್ನು ನಾಲ್ಕೈದು ವರ್ಷ, ಆಮೇಲೆ ಊರಿಗೆ. ಮೊದಲ ಭೇಟಿಯಲ್ಲಿ ಇದು ಬಂದೇ ಇರಲಿಲ್ಲ; ಅಲ್ಲಿ "ಹಾಸನದಲ್ಲೇ ಸೆಟ್ಲ್" ಅನ್ನುವ ಮಾತಾಗಿತ್ತು. ಸುಳ್ಳು ಹೇಳಿದ್ದಲ್ಲ, ಪ್ರಶ್ನೆ ಅಷ್ಟು ದೂರ ಹೋಗಿರಲಿಲ್ಲ. ಇವಳು ತನ್ನ ಮಂಗಳವಾರ ಹೇಳಿದಳು: ಐಸಿಯು ಡ್ಯೂಟಿ, ದೊಡ್ಡ ಆಸ್ಪತ್ರೆ, ಆಗದಿದ್ದರೆ ನರ್ಸಿಂಗ್ ಎಂಎಸ್ಸಿ. ಇಬ್ಬರೂ ಬಸದಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತರಂತೆ. ಆ ಮೌನ ಕಷ್ಟವಾಗಲಿಲ್ಲ ಅಂತ ಇವಳು ಹೇಳಿದಳು. ನಾನು ಅದನ್ನು ಗುರುತು ಹಾಕಿಕೊಂಡೆ.

ಬಸ್‌ಸ್ಟಾಪಿಗೆ ಬಂದಾಗ ಹಾಸನದ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿ ಹೋಯಿತು. ಬಿಸಿಲು. ಇವಳು ಎಳನೀರಿನವನ ಹತ್ತಿರ ಹೋಗಿದ್ದಾಗ ಅವನು ಬೇಲೂರಿನ ಗೆಳೆಯನಿಗೆ ಫೋನ್ ಮಾಡಿ ಕಾರು ತರಲು ಹೇಳಿಬಿಟ್ಟ. ಬಂದು ಖುಷಿಯಿಂದ ಹೇಳಿದರೆ ಇವಳ ಮುಖ ಬಿಗಿಯಿತು.

"ನನ್ನ ಒಂದು ಮಾತು ಕೇಳ್ಬಹುದಿತ್ತಲ್ವಾ? ನಂಗೆ ಅವರ್ಯಾರೋ ಗೊತ್ತಿಲ್ಲ."

"ನಿಮಗೆ ಬಿಸಿಲಲ್ಲಿ ಕಷ್ಟ ಆಗುತ್ತಲ್ಲ ಅಂತ..."

"ಕಷ್ಟ ಆಗುತ್ತೆ ಅಂತ ನಾನು ಹೇಳಿದ್ನಾ?"

ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅವನು ಗೆಳೆಯನಿಗೆ ಮತ್ತೆ ಫೋನ್ ಮಾಡಿ ಬೇಡ ಅಂದ. ಇವಳ ಕಡೆ ತಿರುಗಿ, "ನಮ್ಮನೇಲಿ ಹಂಗೇ. ಒಬ್ರು ತೀರ್ಮಾನ ಮಾಡ್ತಾರೆ, ಉಳಿದೋರು ಹತ್ತಿ ಕೂರ್ತಾರೆ. ಕೇಳ್ಬೇಕಿತ್ತು" ಅಂದ. ಇವಳು ಎಳನೀರು ಅವನ ಕೈಗೆ ಕೊಟ್ಟು, "ನಾನೂ ಸ್ವಲ್ಪ ಜೋರಾಗಿ ಅಂದೆ" ಅಂದಳು. ನಲವತ್ತು ನಿಮಿಷ ಕಾದು ಮುಂದಿನ ಬಸ್ ಹತ್ತಿದರು.

ಇಡೀ ದಿನದಲ್ಲಿ ನನಗೆ ಬೆಲೆಬಾಳುವುದು ಅನ್ನಿಸಿದ್ದು ಈ ನಲವತ್ತು ನಿಮಿಷ. ಜಗಳವೇ ಆಗದ ಎರಡನೇ ಭೇಟಿಯಲ್ಲಿ ಒಬ್ಬರು ತಪ್ಪನ್ನು ಹೇಗೆ ತಿದ್ದಿಕೊಳ್ಳುತ್ತಾರೆ ಅನ್ನೋದು ಕಾಣುವುದಿಲ್ಲ. ಬೇಕಂತಲೇ ಜಗಳ ತೆಗೆಯಬಾರದು, ಪರೀಕ್ಷೆಗೆ ಅಂತ ಬಸ್ ತಪ್ಪಿಸಿಕೊಳ್ಳುವುದೂ ಬೇಡ. ಐದಾರು ಗಂಟೆ ಹೊರಗಿದ್ದರೆ ಏನಾದರೊಂದು ತಾನಾಗಿ ಕೈಕೊಡುತ್ತದೆ. ಆಗ ನೋಡಬೇಕಾದ್ದು ಯಾರು ಸರಿ ಅಂತಲ್ಲ, ಯಾರು ಮೊದಲು ವಾಪಸ್ ಬಂದರು, ಇನ್ನೊಬ್ಬರು ಬರಲು ಬಿಟ್ಟರಾ ಅಂತ. ಇಲ್ಲಿ ಎರಡೂ ಆಯಿತು. ಆದರೆ "ನಮ್ಮನೇಲಿ ಹಂಗೇ" ಅನ್ನುವ ಮಾತನ್ನು ಮರೆಯಬೇಡ ಅಂತಲೂ ಹೇಳಿದೆ; ಅದು ಅವನೊಬ್ಬನ ವಿಷಯವಲ್ಲ, ಆ ಮನೆಯ ಪದ್ಧತಿ. ಕ್ಷಮೆ ಕೇಳುವ ಬದಲು ಮುನಿಸಿಕೊಂಡು ಫೋನ್ ತಿರುವುತ್ತ ಕೂತಿದ್ದರೆ, ಕಂಡಕ್ಟರ್ ಮೇಲೆ ರೇಗಿದ್ದರೆ, ಬೇಡ ಅಂದ ಮೇಲೂ ಕಾರು ಬಂದು ನಿಂತಿದ್ದರೆ ನನ್ನ ಸಲಹೆ ಬೇರೆಯಾಗಿರುತ್ತಿತ್ತು. ಮೂರನೆಯದಕ್ಕೆ ಎರಡನೇ ಅವಕಾಶವೇ ಬೇಡ.

ಊಟ ಹಾಸನದಲ್ಲಿ, ಮೂರು ಗಂಟೆಗೆ, ಇವಳು ಆರಿಸಿದ್ದು ಮುದ್ದೆ ಬಸ್ಸಾರು. ಅಕ್ಕಿರೊಟ್ಟಿ, ಕಡುಬಿನಲ್ಲಿ ಬೆಳೆದ ಹುಡುಗ ಮುದ್ದೆಯನ್ನು ಅಗಿದ. ಇವಳು ನಕ್ಕು ನುಂಗುವುದು ಹೇಳಿಕೊಟ್ಟಳು.

ಅದೇ ರಾತ್ರಿ ಮೂರು ಸಾಲು ಬರೆದಿಡಲು ಹೇಳಿದ್ದೆ, ಯಾರಿಗೂ ತೋರಿಸದೆ: ಎಲ್ಲಿ ನಾನು ನಾನಾಗಿದ್ದೆ, ಎಲ್ಲಿ ಹೇಳಬೇಕಾದ್ದನ್ನು ನುಂಗಿಕೊಂಡೆ, ಇನ್ನೂ ಏನು ಗೊತ್ತಾಗಬೇಕು. ಮರುದಿನಕ್ಕೆ ಬಿಟ್ಟರೆ ನೆನಪು ತನಗೆ ಬೇಕಾದ ಹಾಗೆ ಬಣ್ಣ ಬಳಿದುಕೊಳ್ಳುತ್ತದೆ. ಮೊದಲ ಎರಡು ಸಾಲು ಆ ಮನುಷ್ಯನ ಜೊತೆ ತಾನು ಹೇಗಿರುತ್ತೇನೆ ಅನ್ನೋದನ್ನು ಹೇಳುತ್ತವೆ. ಮೂರನೆಯದು ಮುಂದಿನ ಭೇಟಿ ಎಲ್ಲಿ ಅನ್ನೋದನ್ನು ಹೇಳುತ್ತದೆ. ಅರ್ಧ ದಿನದಲ್ಲಿ ಕಾಣದೇ ಇರುವುದು ಬಹಳಷ್ಟಿದೆ. ಕುಡಿತ, ಸಾಲ, ಕಾಯಿಲೆ ಬಿದ್ದಾಗಿನ ಸ್ವಭಾವ, ಅಪ್ಪ ಅಮ್ಮನ ಎದುರು ದನಿ ಹೇಗೆ ಬದಲಾಗುತ್ತದೆ ಅನ್ನೋದು, ಇವು ಯಾವುದೂ ಹಳೇಬೀಡಿನ ಗೋಡೆಯಲ್ಲಿಲ್ಲ. ಅವಕ್ಕೆ ಬೇರೆ ಬೇರೆ ಜಾಗ ಬೇಕು, ದಿನಗಳೂ ಬೇಕು.

ಇವಳ ಮೂರನೇ ಸಾಲು ಒಂದೇ ಪದ: "ತೋಟ."

ಹತ್ತಿರ ಅನ್ನಿಸಿತೇ ಅಂದರೆ ಅನ್ನಿಸಿದೆ, ಇಬ್ಬರಿಗೂ. ಸಣ್ಣ ವಿಷಯಗಳಲ್ಲಿ ಹೊಂದುತ್ತಾರೆ ಅನ್ನೋದಕ್ಕೂ ಗುರುತುಗಳಿವೆ. ಬದುಕುವ ಊರಿನ ವಿಷಯದಲ್ಲಿ ಹೊಂದುತ್ತಾರಾ ಅನ್ನೋದು ಮಾತಿನಲ್ಲಿ ತೀರ್ಮಾನವಾಗುವಂಥದ್ದಲ್ಲ. ಅವನು ಮಾರ್ಚ್‌ನಲ್ಲಿ ಕಾಫಿ ಹೂ ಬಿಟ್ಟಾಗ ಬನ್ನಿ, ತೋಟವೆಲ್ಲ ಬೆಳ್ಳಗೆ, ಪರಿಮಳ ಅಂದನಂತೆ. ಹೂ ಬಿಟ್ಟಾಗ ಯಾರಿಗೆ ತೋಟ ಇಷ್ಟವಾಗುವುದಿಲ್ಲ! ಜುಲೈನಲ್ಲಿ ಹೋಗು ಅಂದೆ ನಾನು, ಮೂರು ದಿನದಿಂದ ಕರೆಂಟಿಲ್ಲದೆ ಮಳೆ ಹುಯ್ಯುವಾಗ, ಅವರಮ್ಮ ಒಲೆ ಮುಂದೆ ಬಟ್ಟೆ ಒಣಗಿಸುತ್ತಿರುವಾಗ. ಸಕಲೇಶಪುರದಲ್ಲಿ ಕೆಲಸ ಮಾಡುವಂಥ ಆಸ್ಪತ್ರೆ ಯಾವುದಿದೆ ಅಂತಲೂ ಅದೇ ದಿನ ನೋಡಿಕೊಂಡು ಬಾ. ಒಪ್ಪಿದ್ದಾಳೆ. ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಾಳಂತೆ. ನಿನ್ನೆ ಮೆಸೇಜ್ ಬಂತು: "ಮೇಡಂ, ಜಿಗಣೆಗೆ ಉಪ್ಪು ಒಳ್ಳೇದಾ, ಸುಣ್ಣ ಒಳ್ಳೇದಾ?" ಅವನನ್ನೇ ಕೇಳು ಅಂದೆ.